ಡಿಸ್ಕಿನ ಅಂಚು

ನಮ್ಮ ಪಕ್ಕದ ಮನೆ ರಾಯರು ಟಿವಿ ನೋಡುವಾಗ ಟಿವಿ ಕಡೆ ನೋಡುವುದಿಲ್ಲ. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಕಿಟಕಿಯ ಕಡೆಗೆ ದೃಷ್ಟಿ ಇಟ್ಟು ಕೂರುತ್ತಾರೆ. ಮೊದಲ ದಿನ ನಾನು, ಪಾಪ ಇವರಿಗೆ ಬೇಜಾರಾಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರಿಗೆ ಕಾಣುವುದೇ ಹಾಗೆ. ಅಕ್ಷಿಪಟಲದ ನಡುಭಾಗ ಸವೆದುಹೋಗಿದೆ. ನೇರ ನೋಡಿದರೆ ನಡುವೆ ಒಂದು ಬೂದು ಮಚ್ಚೆ, ಸುತ್ತಲಿನದು ಮಾತ್ರ ಕಾಣುತ್ತದೆ. ಅಕ್ಷರ ಕಾಣುವುದಿಲ್ಲ, ಮುಖ ಗುರುತು ಸಿಗುವುದಿಲ್ಲ. ಆದರೆ ಯಾರೋ ಓಡಿದರೆ, ಬಾಗಿಲು ತೆರೆದರೆ, ಮರ ಅಲ್ಲಾಡಿದರೆ ಗೊತ್ತಾಗುತ್ತದೆ. ಹಾಗಾಗಿ ಟಿವಿಯನ್ನು ಕಣ್ಣಿನ ಅಂಚಿಗೆ ತಂದುಕೊಂಡು ನೋಡುತ್ತಾರೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ನಿವೃತ್ತಿಯಾಗಿ ಶಿವಮೊಗ್ಗದಲ್ಲಿ ಮನೆ ಮಾಡಿ ಏಳು ವರ್ಷವಾಯಿತು. ರಾಯರು ಬೆಂಗಳೂರಿನಲ್ಲಿ ನೌಕರಿ ಮುಗಿಸಿ, ಹೆಂಡತಿ ತೀರಿಕೊಂಡ ಮೇಲೆ ಈ ಊರಿಗೆ ಬಂದವರು. ಕೆಲಸದ ದಿನಗಳಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯ ಸದಸ್ಯರಾಗಿದ್ದರಂತೆ. ಆಮೇಲೆ ಡಿವಿಡಿ ಬಂದ ಕಾಲದಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದ್ದಾರೆ. ಕೆಲವು ಅಸಲಿ, ಡಬ್ಬಿ ಸಮೇತ. ಜಾಸ್ತಿ ಮಾತ್ರ ಗೆಳೆಯರು ಕಾಪಿ ಮಾಡಿಕೊಟ್ಟವು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದವು. ಎಲ್ಲವೂ ಎರಡು ಬಿಸ್ಕತ್ ಡಬ್ಬದಲ್ಲಿ, ಒಂದು ಟ್ರಂಕಿನಲ್ಲಿ.

ಒಂದು ಸಂಜೆ ಕಾಂಪೌಂಡಿನ ಆಚೆಯಿಂದ ಕರೆದರು. "ಮೇಷ್ಟ್ರೇ, ಅರ್ಧ ಗಂಟೆ ಬಿಡುವಿದ್ರೆ ಬರ್ತೀರಾ? ಸ್ವಲ್ಪ ಓದಬೇಕಿತ್ತು."

ಬ್ಯಾಂಕಿನ ಪತ್ರ ಇರಬೇಕು ಅಂತ ಕನ್ನಡಕ ಹಾಕಿಕೊಂಡು ಹೋದೆ. ಅವರು ಕೈಗೆ ಕೊಟ್ಟಿದ್ದು ರಿಮೋಟ್. ಓದಬೇಕಾಗಿದ್ದದ್ದು ಸಬ್‌ಟೈಟಲ್.

---

ಅರ್ಧ ಗಂಟೆ ಅಂದಿದ್ದು ಎರಡೂಕಾಲು ಗಂಟೆಯಾಯಿತು. ಅದು ಓಝು ಅವರ 'ಟೋಕಿಯೋ ಸ್ಟೋರಿ', 1953ರದ್ದು, ಜಪಾನಿನದು. ಪರದೆಯ ಮೇಲೆ ಇಂಗ್ಲಿಷ್ ಸಾಲು. ರಾಯರಿಗೆ ಇಂಗ್ಲಿಷ್ ಬರುತ್ತದೆ, ಅದನ್ನೇ ಓದಿದ್ದರೆ ಸಾಕಾಗಿತ್ತು. ಆದರೆ ನನ್ನ ಬಾಯಲ್ಲಿ ಇಂಗ್ಲಿಷ್ ಓದಿದರೆ ಅದು ಪ್ರಶ್ನೆಪತ್ರಿಕೆ ಓದಿದ ಹಾಗೆ ಕೇಳುತ್ತದೆ. ಎರಡು ನಿಮಿಷ ಕೇಳಿ ಅವರೇ ಹೇಳಿದರು, "ಕನ್ನಡದಲ್ಲೇ ಹೇಳಿಬಿಡಿ ಮೇಷ್ಟ್ರೇ."

ಹೇಳುವುದು ಅಷ್ಟು ಸುಲಭವಲ್ಲ. ಎರಡು ತುಂಬು ಸಾಲು ಪರದೆಯ ಮೇಲೆ ಇರುವುದು ಹೆಚ್ಚೆಂದರೆ ಆರು ಸೆಕೆಂಡು. ಅಷ್ಟರಲ್ಲಿ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಕನ್ನಡ ಮಾಡಬೇಕು, ಹೇಳಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬರುತ್ತದೆ, ನಮ್ಮಲ್ಲಿ ಕೊನೆಗೆ. ನಾನು ವಾಕ್ಯ ಮುಗಿಸುವ ಹೊತ್ತಿಗೆ ಪರದೆಯ ಮೇಲೆ ಬೇರೆಯವರು ಬೇರೆ ಮಾತು ಆಡುತ್ತಿರುತ್ತಾರೆ. ಮೊದಲ ಅರ್ಧ ಗಂಟೆ ಹತ್ತು ಸಲ ಪಾಸ್ ಒತ್ತಿದೆ. ಮನೆಗೆ ಬಂದಾಗ ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಂಡಷ್ಟು ಗಂಟಲು ನೋಯುತ್ತಿತ್ತು.

ನಡುವೆ ರಾಯರು ಕೇಳಿದರು, "ಮೇಷ್ಟ್ರೇ, ಇವರೆಲ್ಲ ಯಾಕೆ ಇಷ್ಟು ದಪ್ಪಗಿದ್ದಾರೆ?"

ನೋಡಿದರೆ ಹೌದು. ಮುಖಗಳೆಲ್ಲ ಅಗಲ, ಆಳುಗಳೆಲ್ಲ ಕುಳ್ಳು. ನಾನು ಜಪಾನಿನವರು ಹೀಗೇ ಇರಬೇಕು ಅಂತ ಸುಮ್ಮನಿದ್ದೆ! ಹಳೇ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕ. ಅಗಲ ನಾಲ್ಕಾದರೆ ಎತ್ತರ ಮೂರು. ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಟಿವಿ ತಾನಾಗಿಯೇ ಚಿತ್ರವನ್ನು ಎಳೆದು ಪರದೆ ತುಂಬಿಸಿಬಿಟ್ಟಿತ್ತು. ಲೆಕ್ಕ ಹಾಕಿದರೆ ಪ್ರತಿಯೊಬ್ಬರೂ ಮೂರನೇ ಒಂದು ಪಾಲು ಹೆಚ್ಚು ಅಗಲವಾಗಿದ್ದಾರೆ. ಮೆನುವಿನಲ್ಲಿ 4:3 ಅಂತ ಹಾಕಿದ ಮೇಲೆ ಎಡಬಲದಲ್ಲಿ ಕಪ್ಪು ಪಟ್ಟಿ ಬಂತು, ಜನ ಸರಿಯಾದರು. ಅಕ್ಷರ ಕಾಣದವರಿಗೆ ಇದು ಕಂಡಿತ್ತು. ನನಗೆ ಕಂಡಿರಲಿಲ್ಲ.

ಕಥೆ ಅಂತ ಹೇಳಲು ಹೆಚ್ಚೇನೂ ಇಲ್ಲ. ಒನೊಮಿಚಿ ಅನ್ನುವ ಊರಿನಿಂದ ಮುದುಕ, ಮುದುಕಿ ಟೋಕಿಯೋದ ಮಕ್ಕಳ ಮನೆಗೆ ಬರುತ್ತಾರೆ. ಮಗ ಡಾಕ್ಟರು, ಮಗಳದ್ದು ಹೇರ್ ಸಲೂನ್. ಇಬ್ಬರಿಗೂ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ನೊರಿಕೋ ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ಇಷ್ಟು ಹೊತ್ತಿಗೆ ನನಗೆ ತೂಕಡಿಕೆ ಶುರುವಾಗಿತ್ತು. ನಾನು ನಿಲ್ಲಿಸಿದ್ದು ರಾಯರಿಗೆ ಗೊತ್ತಾಗುತ್ತದಲ್ಲ, "ಒಂದು ಕೆಲಸ ಮಾಡಿ" ಅಂದರು. "ಕ್ಯಾಮೆರಾ ಎಷ್ಟು ಸಲ ಚಲಿಸುತ್ತೆ, ಲೆಕ್ಕ ಹಾಕಿ."

ಲೆಕ್ಕ ಅಂದರೆ ನಾನು ಎದ್ದು ಕೂರುತ್ತೇನೆ. ಕಾದೆ, ಕಾದೆ. ಜನ ಬರುತ್ತಾರೆ, ಕೂರುತ್ತಾರೆ, ಬೀಸಣಿಗೆ ಬೀಸಿಕೊಳ್ಳುತ್ತಾರೆ, ಏಳುತ್ತಾರೆ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಅದು ಇರುವ ಜಾಗವೂ ವಿಚಿತ್ರ. ಚಾಪೆಯ ಮೇಲೆ ಕೂತವರ ಕಣ್ಣಿಗಿಂತ ಒಂದು ಗೇಣು ಕೆಳಗೆ. ಅಲ್ಲಿಂದ ನೋಡಿದರೆ ನಡುಮನೆಯ ನೆಲ, ಬಾಗಿಲಿನ ಚೌಕಟ್ಟು, ಅದರ ಹಿಂದಿನ ಕೋಣೆ ಎಲ್ಲ ಕಾಣುತ್ತದೆ. ಕೊನೆಗೆ ಒಂದು ಕಡೆ ಚಲಿಸಿತು. ಮನೆಯಲ್ಲಿ ಇರಲು ಜಾಗವಿಲ್ಲದೆ ಇಬ್ಬರೂ ಪಾರ್ಕಿನ ಗೋಡೆಯ ಬಳಿ ಕೂತಿದ್ದಾರೆ. ಕ್ಯಾಮೆರಾ ನಿಧಾನಕ್ಕೆ ಗೋಡೆಯ ಪಕ್ಕದಲ್ಲೇ ಜಾರಿ ಅವರನ್ನು ಕಾಣಿಸುತ್ತದೆ. "ಚಲಿಸಿತು!" ಅಂತ ನಾನು ಕೂಗಿದೆ. ರಾಯರು ನಕ್ಕರು. ಮನೆ ಇಲ್ಲದ ಹೊತ್ತಿಗೇ ಅದೂ ಜಾಗ ಬಿಟ್ಟಿತು ಅಂತ ನನಗೆ ಅನ್ನಿಸಿದ್ದು ರಾತ್ರಿ ಮಲಗಿದ ಮೇಲೆ.

ಆ ಮುದುಕ ಮೊದಲು ಶಿಕ್ಷಣ ಇಲಾಖೆಯಲ್ಲಿ ಇದ್ದವನು. ಕೊನೆಯ ಮಗಳು ಕ್ಯೋಕೋ ಪ್ರೈಮರಿ ಸ್ಕೂಲ್ ಟೀಚರು. ತಾಯಿ ತೀರಿಕೊಂಡ ಮೇಲೆ ಒಂದು ದಿನ ಅವಳು ಕ್ಲಾಸಿನಲ್ಲಿದ್ದಾಳೆ. ಕೈಗಡಿಯಾರ ನೋಡುತ್ತಾಳೆ, ಕಿಟಕಿಯ ಹತ್ತಿರ ಹೋಗುತ್ತಾಳೆ. ನೊರಿಕೋ ವಾಪಸು ಹೋಗುವ ರೈಲು ಆಚೆ ಹಾಯುವ ಹೊತ್ತು ಅದು. ರೈಲಿನಲ್ಲಿ ನೊರಿಕೋ ಅತ್ತೆಯ ಗಡಿಯಾರವನ್ನು ಕೈಯಲ್ಲಿ ಹಿಡಿದು ಕೂತಿದ್ದಾಳೆ. ಆ ಒಂದು ಕಡೆ ನಾನು ಏನೂ ಹೇಳಲಿಲ್ಲ, ಹೇಳಲು ಸಾಲೂ ಇರಲಿಲ್ಲ. ಕ್ಲಾಸಿನ ಕಿಟಕಿಯಿಂದ ಹೊರಗೆ ನೋಡುವ ಟೀಚರನ್ನು ನಾನು ಬಲ್ಲೆ. ಮಕ್ಕಳು ಲೆಕ್ಕ ಮಾಡುತ್ತಿರುವ ಐದು ನಿಮಿಷದಲ್ಲಿ ನಾವೆಲ್ಲ ಹಾಗೆ ನೋಡಿದವರೇ.

---

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಸಿನಿಮಾಗಳು ನನ್ನ ಹತ್ತಿರ ಮೊದಲೇ ಬಂದಿದ್ದವು. 1980ರ ದಶಕದಲ್ಲಿ ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೆ. ಹೆಗ್ಗೋಡಿನ ನೀನಾಸಂನವರು, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ, ಹಳ್ಳಿಯ ಜನರಿಗೆ ಹೊರದೇಶದ ಸಿನಿಮಾ ತೋರಿಸುತ್ತಿದ್ದ ಕಾಲ. ಒಂದು ಸಲ ಸಹೋದ್ಯೋಗಿಯೊಬ್ಬರು ಎಳೆದುಕೊಂಡು ಹೋಗಿದ್ದರು. ಕಪ್ಪುಬಿಳುಪು, ಮಾತು ಅರ್ಥವಾಗದು. ಹೊರಗೆ ಬಂದು ಚಾ ಕುಡಿದು ಬಸ್ ಹತ್ತಿದೆ. ಯಾವ ಸಿನಿಮಾ ಅಂತಲೂ ನೆನಪಿಲ್ಲ. ಈ ಕಥೆ ಹೇಳಿದರೆ ರಾಯರು, "ಚಾ ಚೆನ್ನಾಗಿತ್ತಾ?" ಅಂತ ಕೇಳಿದರು, ಅಷ್ಟೇ.

ಹೀಗೆ ವಾರಕ್ಕೆ ಎರಡು ಸಂಜೆ ಅಂತ ಆಯಿತು. 'ಬೈಸಿಕಲ್ ಥೀವ್ಸ್' ನೋಡಿದೆವು. ಅದರಲ್ಲಿ ಅಡವಿಟ್ಟ ಬೆಡ್‌ಶೀಟಿನ ಗಂಟನ್ನು ಒಬ್ಬ ಅಟ್ಟದ ಎತ್ತರದ ಕಪಾಟಿಗೆ ಹತ್ತಿ ಇಡುತ್ತಾನೆ, ಅಲ್ಲಿ ಇಡೀ ಊರಿನ ಗಂಟುಗಳಿವೆ. ಅದನ್ನು ನಮ್ಮ ಮನೆಯವಳಿಗೆ ಹೇಳಿದೆ. ಅವಳು ಮುಂದಿನ ವಾರದಿಂದ ಕೋಡುಬಳೆ ಮಾಡಿ ತಾನೂ ಬರತೊಡಗಿದಳು. ಈ ಕೋಡುಬಳೆಯ ವಿಷಯ ಮುಂದೆ ಬರುತ್ತದೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ರಾಯರು, "ಟ್ರಂಕಿನಲ್ಲಿ ಹಸಿರು ಅಕ್ಷರದಲ್ಲಿ ಬರೆದದ್ದೊಂದಿದೆ, ಅದು ನಿಮಗೆ" ಅಂದರು. ಇರಾನಿನದು, 1987ರದ್ದು. ಅಬ್ಬಾಸ್ ಕಿಯರೋಸ್ತಾಮಿ ಮಾಡಿದ್ದು. ಹೆಸರಿನ ಅರ್ಥ 'ಗೆಳೆಯನ ಮನೆ ಎಲ್ಲಿ?' ಪಾರ್ಸಿಯಲ್ಲಿ ಹೇಳಿದರೆ ಅರ್ಧ ನಮ್ಮದೇ ಮಾತು. ಮನೆಗೆ 'ಖಾನೆ', ಗೆಳೆಯನಿಗೆ 'ದೋಸ್ತ್'. ನೋಟ್‌ಬುಕ್ಕಿಗೆ 'ದಫ್ತರ್' ಅನ್ನುತ್ತಾರೆ. ಕಚೇರಿಯ ದಫ್ತರ ನೋಡಿದವನಿಗೆ ಅದು ಕಿವಿಗೆ ತಕ್ಷಣ ಬೀಳುತ್ತದೆ. ಎಂಟು ವರ್ಷದ ಹುಡುಗನ ಬಾಯಲ್ಲಿ ಆ ಮಾತು ಎಷ್ಟು ಸಲ ಬರುತ್ತದೆ ಅಂದರೆ, ನಾನು ಆಮೇಲೆ ಅದನ್ನು ಕನ್ನಡ ಮಾಡುವುದನ್ನೇ ಬಿಟ್ಟೆ.

ಸಿನಿಮಾ ಶುರುವಾಗುವುದು ಒಂದು ಕ್ಲಾಸ್‌ರೂಮಿನ ಬಾಗಿಲಿನಿಂದ. ಒಳಗೆ ಮಕ್ಕಳ ಗಲಾಟೆ. ಮೇಷ್ಟ್ರು ಬರುತ್ತಾರೆ, ಗಲಾಟೆ ನಿಲ್ಲುತ್ತದೆ. ಹೋಂವರ್ಕ್ ನೋಡುತ್ತಾ ಬರುತ್ತಾರೆ. ಮೊಹಮ್ಮದ್ ರೆಜಾ ಅನ್ನುವ ಹುಡುಗ ಬಿಡಿ ಹಾಳೆಯಲ್ಲಿ ಬರೆದು ತಂದಿದ್ದಾನೆ. ನೋಟ್‌ಬುಕ್ಕಿನಲ್ಲಿ ಬರೆಯಬೇಕು ಅಂತ ಎಷ್ಟು ಸಲ ಹೇಳಿದ್ದೇನೆ ಅಂತ ಮೇಷ್ಟ್ರು ಹಾಳೆ ಹರಿಯುತ್ತಾರೆ. ಇನ್ನೊಂದು ಸಲ ಹೀಗಾದರೆ ಶಾಲೆಯಿಂದ ಹೊರಗೆ. ಹುಡುಗ ಅಳುತ್ತಾನೆ.

ನಾನು ಓದುತ್ತಿದ್ದವನು ನಿಲ್ಲಿಸಿದೆ.

"ಏನಾಯ್ತು?" ರಾಯರು ಕೇಳಿದರು.

"ಹರಿದರು" ಅಂದೆ.

ನಾನೂ ಹರಿದಿದ್ದೇನೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಅಡಿಕೆ ಮಂಡಿಯ ಚೀಟಿಗಳ ಹಿಂಬದಿಯಲ್ಲಿ ಲೆಕ್ಕ ಮಾಡಿಕೊಂಡು ಬಂದಿದ್ದ. ಹತ್ತೂ ಸರಿಯಿದ್ದವು. ನೋಟ್‌ಬುಕ್ ಎಲ್ಲಿ ಅಂದೆ, ಮಾತಾಡಲಿಲ್ಲ. ಹರಿದು ಕಿಟಕಿಯಿಂದ ಹಾಕಿದೆ. ಅವತ್ತು ನನಗೆ ಅದು ಶಿಸ್ತಿನ ಪ್ರಶ್ನೆ. ಇದನ್ನು ರಾಯರಿಗೆ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಅಹ್ಮದ್ ಅದೇ ಬೆಂಚಿನ ಹುಡುಗ. ಮನೆಗೆ ಬಂದು ಚೀಲ ತೆಗೆದರೆ ಗೆಳೆಯನ ನೋಟ್‌ಬುಕ್ಕೂ ಅವನ ಹತ್ತಿರವೇ ಬಂದುಬಿಟ್ಟಿದೆ. ಎರಡರ ರಟ್ಟೂ ಒಂದೇ ಥರ. ಇವತ್ತು ಕೊಡದಿದ್ದರೆ ನಾಳೆ ಗೆಳೆಯ ಶಾಲೆಯಿಂದ ಹೊರಗೆ. ಅವನ ಮನೆ ಪೊಶ್ತೆ ಅನ್ನುವ ಬೇರೆ ಹಳ್ಳಿಯಲ್ಲಿ, ಎಲ್ಲಿ ಅಂತ ಗೊತ್ತಿಲ್ಲ. ಅಮ್ಮನಿಗೆ ಹೇಳುತ್ತಾನೆ. ಅಮ್ಮ ಬಟ್ಟೆ ಒಗೆಯುತ್ತಿದ್ದಾಳೆ, ಹೋಂವರ್ಕ್ ಮಾಡು ಅನ್ನುತ್ತಾಳೆ. ಮತ್ತೆ ಹೇಳುತ್ತಾನೆ. ಮಗು ತೂಗು ಅನ್ನುತ್ತಾಳೆ. ಮತ್ತೆ ಹೇಳುತ್ತಾನೆ. ನಾಲ್ಕನೇ ಸಲಕ್ಕೆ ನಾನು ಮೊಟಕು ಮಾಡಿ "ಅದನ್ನೇ ಹೇಳ್ತಿದಾನೆ" ಅಂದೆ. ರಾಯರು ಬಿಡಲಿಲ್ಲ. "ಇಲ್ಲ ಮೇಷ್ಟ್ರೇ, ಅವನು ಪೂರ್ತಿ ಹೇಳ್ತಿದ್ದಾನಲ್ಲ, ನೀವೂ ಪೂರ್ತಿ ಹೇಳಿ." ಹೇಳಿದೆ. ಆರು, ಏಳು ಸಲ ಅದೇ ವಾಕ್ಯವನ್ನು ದನಿ ಏರಿಸದೆ ಹೇಳುವುದು ಎಷ್ಟು ಕಷ್ಟ ಅಂತ ಹೇಳಿ ನೋಡಿದವರಿಗೇ ಗೊತ್ತು. ನಮ್ಮ ಮನೆಯವಳು, "ಆ ತಾಯಿ ಕೆಟ್ಟವಳಲ್ಲ, ಅವಳಿಗೆ ಕೇಳಿಸ್ತಿಲ್ಲ ಅಷ್ಟೆ" ಅಂದಳು.

ಕೊನೆಗೆ ಹುಡುಗ ಯಾರಿಗೂ ಹೇಳದೆ ಓಡುತ್ತಾನೆ. ಎದುರಿಗೆ ಗುಡ್ಡ. ಗುಡ್ಡದ ಮೇಲೆ ಒಂದೇ ಮರ. ಅಲ್ಲಿಗೆ ಹೋಗುವ ದಾರಿ ಅಂಕುಡೊಂಕು, ಬೋರ್ಡಿನ ಮೇಲೆ ಯಾರೋ ಗೀಚಿದ ಹಾಗೆ. ಆ ದಾರಿಯನ್ನು ಸಿನಿಮಾಕ್ಕಾಗಿಯೇ ಮಾಡಿದ್ದಂತೆ. ಇಲ್ಲಿ ಮಾತಿಲ್ಲ. ನನಗೆ ಬಿಡುವು. ಆಗ ರಾಯರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಈಗ ಹತ್ತುತ್ತಿದ್ದಾನೆ, ಎಡಕ್ಕೆ, ಬಲಕ್ಕೆ, ಈಗ ಮರದ ಹತ್ತಿರ" ಅನ್ನತೊಡಗಿದರು. ಸಣ್ಣ ಚುಕ್ಕೆಯೊಂದು ದೊಡ್ಡ ಗುಡ್ಡದ ಮೇಲೆ ಓಡುವುದು ಅವರ ಕಣ್ಣಿನ ಅಂಚಿಗೆ ಸರಿಯಾಗಿ ಸಿಗುತ್ತದೆ. ಸಬ್‌ಟೈಟಲ್ ಇಲ್ಲದ ಕಡೆ ಅವರು ನನಗೆ ಹೇಳುತ್ತಿದ್ದರು.

ಮನೆ ಸಿಗುವುದಿಲ್ಲ. ವಾಪಸು ಬಂದಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದಾನೆ. ಸಿಗರೇಟ್ ತಾ ಅಂತ ಹುಡುಗನನ್ನು ಓಡಿಸುತ್ತಾನೆ. ಸಿಗರೇಟ್ ಅವನ ಜೇಬಿನಲ್ಲೇ ಇದೆ! ಹುಡುಗನಿಗೆ ಮಾತು ಕೇಳುವುದು ಕಲಿಸಬೇಕು, ಅದಕ್ಕೆ. ತನ್ನ ಅಪ್ಪ ವಾರಕ್ಕೊಂದು ಕಾಸು, ಹದಿನೈದು ದಿನಕ್ಕೊಂದು ಹೊಡೆತ ಕೊಡುತ್ತಿದ್ದ, ಕಾಸು ಮರೆತರೂ ಹೊಡೆತ ಮರೆಯುತ್ತಿರಲಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತಾನೆ. ಇದನ್ನು ಕನ್ನಡದಲ್ಲಿ ಹೇಳುವಾಗ ನನಗೆ ನಗು ಬಂತು. ನಮ್ಮೂರ ಯಾವ ಜಗುಲಿಯ ಮೇಲಾದರೂ ಇದನ್ನು ಕೇಳಬಹುದು. ನಕ್ಕ ಮೇಲೆ ಅಷ್ಟು ಸರಿ ಅನ್ನಿಸಲಿಲ್ಲ.

ಹುಡುಗ ಮತ್ತೆ ಗುಡ್ಡ ಹತ್ತುತ್ತಾನೆ. ಕತ್ತಲಾಗುತ್ತದೆ. ಬಾಗಿಲು, ಕಿಟಕಿ ಮಾಡುವ ಒಬ್ಬ ಮುದುಕ ದಾರಿ ತೋರಿಸುತ್ತೇನೆ ಅಂತ ಜೊತೆಗೆ ಬರುತ್ತಾನೆ. ಕಾಲು ನಿಧಾನ. ತಾನು ಮಾಡಿದ ಕಿಟಕಿಗಳನ್ನು ತೋರಿಸುತ್ತಾ ನಡೆಯುತ್ತಾನೆ. ಹುಡುಗನಿಗೆ ಹೊತ್ತಾಗುತ್ತಿದೆ. ಮುದುಕ ಒಂದು ಹೂವು ಕೊಟ್ಟು ನೋಟ್‌ಬುಕ್ಕಿನಲ್ಲಿ ಇಟ್ಟುಕೋ ಅನ್ನುತ್ತಾನೆ. ಅಷ್ಟು ಸುತ್ತಿ ತಲುಪಿದ ಮನೆ ಹುಡುಗ ಆಗಲೇ ನೋಡಿದ್ದ ಬೇರೆಯವರ ಮನೆ. ವಾಪಸು. ರಾತ್ರಿ ಊಟ ಮಾಡದೆ ಕೂತು ಬರೆಯುತ್ತಾನೆ. ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆ, ಹೊರಗೆ ಅಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ.

ಮಾರನೇ ದಿನ. ಕ್ಲಾಸು. ಮೇಷ್ಟ್ರು ಹೋಂವರ್ಕ್ ನೋಡುತ್ತಾ ಬರುತ್ತಿದ್ದಾರೆ. ಅಹ್ಮದ್ ಇನ್ನೂ ಬಂದಿಲ್ಲ. ಮೊಹಮ್ಮದ್ ರೆಜಾ ತಲೆ ಬಗ್ಗಿಸಿದ್ದಾನೆ.

ಚಿತ್ರ ನಿಂತಿತು. ಪರದೆ ಚೂರುಚೂರು ಚೌಕಗಳಾಯಿತು. ಪ್ಲೇಯರ್ ಒಳಗೆ ಕರಕರ ಸದ್ದು.

---

ಹಿಂದೆ ಹೋಗಿ ಹಾಕಿದೆ, ಅಲ್ಲೇ ನಿಂತಿತು. ಡಿಸ್ಕ್ ತೆಗೆದು ಉಫ್ ಅಂತ ಊದಿ ಹಾಕಿದೆ, ಅಲ್ಲೇ. "ಮುಂದೇನು ಹೇಳಿ" ಅಂತ ರಾಯರನ್ನು ಕೇಳಿದರೆ ಅವರು ಹೇಳಲಿಲ್ಲ. "ನೀವೇ ಮೇಷ್ಟ್ರು. ಏನಾಗುತ್ತೆ ನೀವು ಹೇಳಿ."

"ಅಹ್ಮದ್ ಬರ್ತಾನೆ. ಗೆಳೆಯನ ಹೋಂವರ್ಕ್ ಇವನೇ ಬರೆದು ತಂದಿರ್ತಾನೆ. ಮೇಷ್ಟ್ರಿಗೆ ಗೊತ್ತಾಗುತ್ತೆ. ಇಬ್ಬರಿಗೂ ಬೀಳುತ್ತೆ."

"ಹೇಗೆ ಗೊತ್ತಾಗುತ್ತೆ?"

"ಅಕ್ಷರ ಒಂದೇ ಅಲ್ವಾ ಸಾರ್. ಮೇಷ್ಟ್ರಿಗೆ ಮಕ್ಕಳ ಅಕ್ಷರ ಗೊತ್ತಾಗಲ್ವಾ?"

ರಾಯರು "ಹೂಂ" ಅಂದರು.

ಡಿಸ್ಕನ್ನು ಮನೆಗೆ ತಂದೆ. ಡಿವಿಡಿಯಲ್ಲಿ ಬರಹ ಶುರುವಾಗುವುದು ನಡುವಿನ ತೂತಿನ ಹತ್ತಿರದಿಂದ. ಅಲ್ಲಿಂದ ಸುರುಳಿಯಾಗಿ ಸುತ್ತುತ್ತಾ ಹೊರಗೆ ಬರುತ್ತದೆ. ಒಂದೇ ಪದರದ ಕಾಪಿಯಲ್ಲಿ ಜಾಗ ತುಂಬುವಷ್ಟು ಸಿನಿಮಾ ಇದ್ದರೆ ಮೊದಲ ದೃಶ್ಯ ಒಳಗೆ, ಕೊನೆಯ ದೃಶ್ಯ ಅಂಚಿನಲ್ಲಿ. ನಾವು ಡಿಸ್ಕ್ ಹಿಡಿಯುವುದೂ ಅಂಚಿನಲ್ಲೇ. ಅದಕ್ಕೇ ಹಳೇ ಕಾಪಿಗಳಲ್ಲಿ ಕಥೆ ಜಾಸ್ತಿ ಕೈಕೊಡುವುದು ಕೊನೆಗೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅಂಚಿನಲ್ಲಿ ದಪ್ಪನೆಯ ಹೆಬ್ಬೆಟ್ಟಿನ ಗುರುತು, ಎಣ್ಣೆಯದು. ಕೋಡುಬಳೆ. ಹೆಬ್ಬೆಟ್ಟು ನನ್ನದೇ.

ಎಣ್ಣೆ, ಧೂಳು ಆದರೆ ತೊಳೆದರೆ ಹೋಗುತ್ತದೆ. ಮನೆಯಲ್ಲಿ ಬರೆಸಿದ ಡಿಸ್ಕುಗಳಲ್ಲಿ ಬಣ್ಣದ ಒಂದು ಪದರ ಇರುತ್ತದೆ, ಅದರ ಮೇಲೆಯೇ ಬರಹ. ಆ ಬಣ್ಣವೇ ಮಾಸಿದ್ದರೆ ಎಷ್ಟು ತೊಳೆದರೂ ಅಷ್ಟೇ. ಮೇಲೆ ಕಲೆಯೇ ಇಲ್ಲದೆ, ತೊಳೆದ ಮೇಲೂ ಅದೇ ಜಾಗದಲ್ಲಿ ನಿಂತರೆ ಪದರದ ಮೇಲೆ ಅನುಮಾನ ಪಡಬೇಕು. ಒರೆಸುವುದಕ್ಕೂ ಒಂದು ಕ್ರಮ ಇದೆ. ನಾವು ತಟ್ಟೆ ಒರೆಸಿದ ಹಾಗೆ ಸುತ್ತಿಸುತ್ತೇವೆ, ಅದು ತಪ್ಪು. ಒರೆಸುವಾಗ ಬೀಳುವ ಗೀರು ಸುರುಳಿಯ ಉದ್ದಕ್ಕೇ ಬಿದ್ದರೆ ಒಂದೇ ಕಡೆ ತುಂಬಾ ಬರಹ ಒಟ್ಟಿಗೆ ಕೆಡುತ್ತದೆ. ನಡುವಿನಿಂದ ಅಂಚಿಗೆ ನೇರ ಒರೆಸಿದರೆ ಗೀರು ಪ್ರತಿ ಸುತ್ತನ್ನೂ ಅಡ್ಡ ದಾಟುತ್ತದೆ, ಒಂದೊಂದರಲ್ಲಿ ಕೆಡುವುದು ಸ್ವಲ್ಪ. ಅಷ್ಟನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅದಕ್ಕೆ ಬೇಕಾದ ಹೆಚ್ಚುವರಿ ಅಂಕಿಗಳನ್ನು ಮೊದಲೇ ಸೇರಿಸಿ ಬರೆದಿರುತ್ತಾರೆ. ಇದನ್ನು ಓದಿದಾಗ ಖುಷಿಯಾಯಿತು. ಮೂವತ್ತು ವರ್ಷ ಬೀಜಗಣಿತ ಹೇಳಿದೆ, ಹುಡುಗರು ಇದರಿಂದ ಏನು ಉಪಯೋಗ ಸಾರ್ ಅನ್ನುತ್ತಿದ್ದರು. ಈ ಡಿಸ್ಕ್ ಆಗ ಕೈಯಲ್ಲಿದ್ದಿದ್ದರೆ!

ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ಒಂದು ಹನಿ, ಹಳೇ ಮೆತ್ತನೆ ಪಂಚೆಯ ತುಂಡು. ನೇರ ಒರೆಸಿ, ತೊಳೆದು, ನೆರಳಲ್ಲಿ ಒಣಗಿಸಿದೆ.

ಮಾರನೇ ಸಂಜೆ ಹಾಕಿದೆವು. ಹೋಯಿತು. ಮೇಷ್ಟ್ರು ಬೆಂಚಿಂದ ಬೆಂಚಿಗೆ ಬರುತ್ತಿದ್ದಾರೆ. ಬಾಗಿಲು ತಟ್ಟಿದ ಸದ್ದು, ಅಹ್ಮದ್ ಬಂದ. ಗೆಳೆಯನ ಪಕ್ಕ ಕೂತು ನೋಟ್‌ಬುಕ್ ಕೊಟ್ಟ, ಬರೆದಿದ್ದೇನೆ ಅಂದ. ನಾನು ಒಂದು ಸಾಲೂ ಬಿಡದೆ ಹೇಳುತ್ತಿದ್ದೇನೆ. ಮೇಷ್ಟ್ರು ನೋಟ್‌ಬುಕ್ ತೆರೆದರು, ನೋಡಿದರು, ಸರಿಯಾಗಿದೆ, ಶಾಭಾಸ್ ಅಂದರು. ಮುಗಿಯಿತು.

"ಅಕ್ಷರ?" ರಾಯರು ಕೇಳಿದರು.

"ನೋಡಲಿಲ್ಲ."

ಹೇಗೆ ನೋಡುತ್ತಾರೆ? ನನ್ನ ಕ್ಲಾಸಿನಲ್ಲಿ ಐವತ್ತೆರಡು ಮಕ್ಕಳಿದ್ದರು, ನಲವತ್ತು ನಿಮಿಷದ ಪೀರಿಯಡ್. ತಾರೀಕು ನೋಡುತ್ತಿದ್ದೆ, ಕೊನೆಯ ಉತ್ತರ ನೋಡುತ್ತಿದ್ದೆ, ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಯಾರ ಲೆಕ್ಕ ಯಾರು ಮಾಡಿದರೋ. ಮೇಷ್ಟ್ರಿಗೆ ಅಕ್ಷರ ಗೊತ್ತಾಗುತ್ತದೆ ಅಂತ ಹಿಂದಿನ ದಿನ ಎಷ್ಟು ಜಂಬದಿಂದ ಹೇಳಿದ್ದೆ.

ಆಮೇಲೆ ರಾಯರು ಆ ಊರಿನ ಕಥೆ ಹೇಳಿದರು. 1990ರಲ್ಲಿ ಅಲ್ಲಿ ದೊಡ್ಡ ಭೂಕಂಪ ಆಯಿತು. ಕಿಯರೋಸ್ತಾಮಿ ಆ ಇಬ್ಬರು ಹುಡುಗರು ಬದುಕಿದ್ದಾರಾ ಅಂತ ಹುಡುಕಿಕೊಂಡು ಹೋದರು. ಆ ಹುಡುಕಾಟದ ಮೇಲೆಯೇ ಎರಡು ವರ್ಷದ ನಂತರ ಇನ್ನೊಂದು ಸಿನಿಮಾ ಬಂತು, ಅದರಲ್ಲಿ ಹುಡುಗರು ಸಿಕ್ಕರು ಅಂತ ತೋರಿಸುವುದಿಲ್ಲ. ನಿಜದಲ್ಲಿ ಉಳಿದಿದ್ದರು. ಅವರಿಬ್ಬರೂ ಅಣ್ಣತಮ್ಮಂದಿರು. 1994ರಲ್ಲಿ ಬಂದ ಮೂರನೆಯದರಲ್ಲಿ ಕಾಣಿಸುತ್ತಾರೆ. ಆ ಡಿಸ್ಕೂ ಟ್ರಂಕಿನಲ್ಲಿದೆಯಂತೆ.

ನಾನು ಎದ್ದು ಪ್ಲೇಯರ್ ಆರಿಸಲು ಹೋದೆ.

"ಹೂವು ನೋಡಿದ್ರಾ ಮೇಷ್ಟ್ರೇ?"

"ಯಾವ ಹೂವು? ಮುದುಕ ಕೊಟ್ಟಿದ್ದಾ? ಅದು ನಿನ್ನೆಯೇ ಬಂತಲ್ಲ."

"ಕೊನೇಲಿ. ನೋಟ್‌ಬುಕ್ ಒಳಗೆ."

ನಾನು ನೋಡಿರಲಿಲ್ಲ. ನನ್ನ ಕಣ್ಣು ಪರದೆಯ ಕೆಳಗಿತ್ತು, ಮೇಷ್ಟ್ರು ಏನಂದರು ಅಂತ ಓದುತ್ತಿತ್ತು. ನಮ್ಮ ಮನೆಯವಳ ಕಡೆ ನೋಡಿದೆ. ಅವಳು, "ಇತ್ತಲ್ಲ, ನೀವು ಮಾತಾಡ್ತಾ ಇದ್ರಿ" ಅಂದಳು.

ಹಿಂದಕ್ಕೆ ಒತ್ತಿದೆ. ರಿಮೋಟಿನಲ್ಲಿ ಸಬ್‌ಟೈಟಲ್ ಗುಂಡಿ ಹುಡುಕಿ ಆರಿಸಿದೆ. ಪರದೆಯ ಕೆಳಗೆ ಖಾಲಿಯಾಯಿತು. ಮೇಷ್ಟ್ರ ಕೈ ಹಾಳೆ ತಿರುಗಿಸಿತು. ಪಾಸ್ ಒತ್ತಿದೆ.

"ಹೇಗಿದೆ?" ರಾಯರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು. "ನನಗೆ ಈಗ ಅದೊಂದು ಕಾಣಲ್ಲ. ಸರಿಯಾಗಿ ನಡುವೆ ಇದೆ."

"ಚಿಕ್ಕದು" ಅಂದೆ. "ಚಪ್ಪಟೆಯಾಗಿದೆ. ಬರೆದ ಸಾಲುಗಳ ಪಕ್ಕದಲ್ಲೇ ಇದೆ."